ಥೆವೆನಿನ್ ಲೆಕ್ಕ: ನನಗೆ 3.33 ಆಂಪಿಯರ್, ಹಿಂದಿನ ಪುಟದ ಉತ್ತರ 2 ಆಂಪಿಯರ್. ಎಲ್ಲಿ ತಪ್ಪಿದೆ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಫಸ್ಟ್ ಇಯರ್ ಓದುತ್ತಿದ್ದೇನೆ. ಸೋಮವಾರ ಬೇಸಿಕ್ ಎಲೆಕ್ಟ್ರಿಕಲ್ ಇಂಟರ್ನಲ್ಸ್ ಇದೆ. ನೋಟ್ಸ್‌ನಲ್ಲಿ ಇರುವ ಈ ಒಂದು ಲೆಕ್ಕ ನಿನ್ನೆ ರಾತ್ರಿಯಿಂದ ತಲೆ ತಿನ್ನುತ್ತಿದೆ.

```
  +--[6]--A-----+----[4]--a
  |       |     |         |
 24V    [12]   1A ^      [2]
  |       |     |         |
  +-------B-----+---------b
```

ಎಲ್ಲಾ ರೆಸಿಸ್ಟರ್ ಓಂನಲ್ಲಿ. a-b ನಡುವಿನ 2 ಓಂ ಲೋಡ್. ಅದರಲ್ಲಿ ಹರಿಯುವ ಕರೆಂಟ್ ಥೆವೆನಿನ್ ಪ್ರಕಾರ ಕಂಡುಹಿಡಿಯಬೇಕು.

ನಾನು ಮಾಡಿದ್ದು: ಲೋಡ್ ಕಿತ್ತೆ. A ನೋಡ್‌ನಲ್ಲಿ (24 − V)/6 + 1 = V/12 ಅಂತ ಬರೆದೆ. V = 20 ವೋಲ್ಟ್ ಬಂತು. ಆಮೇಲೆ ಸೋರ್ಸ್ ಎಲ್ಲಾ ಶಾರ್ಟ್ ಮಾಡಿದೆ. 1 ಆಂಪಿಯರ್ ಸೋರ್ಸ್ ಜಾಗದಲ್ಲಿ ತಂತಿ ಬಂದ ಮೇಲೆ 6, 12 ಎರಡೂ ಲೆಕ್ಕಕ್ಕೇ ಬರಲಿಲ್ಲ. ಉಳಿದಿದ್ದು 4 ಓಂ. ಹಾಗಾಗಿ 20/(4 + 2) = 3.33 ಆಂಪಿಯರ್. ಹಿಂದಿನ ಪುಟದಲ್ಲಿ 2 ಆಂಪಿಯರ್ ಅಂತಿದೆ. ಉತ್ತರ ಕೊಟ್ಟಿರುವಾಗ ತಪ್ಪು ಗೊತ್ತಾಯಿತು, ಸರಿ. ಪರೀಕ್ಷೆಯಲ್ಲಿ ಹಿಂದಿನ ಪುಟ ಇರಲ್ವಲ್ಲ, ಅಲ್ಲಿ ಹೇಗೆ ಗೊತ್ತಾಗಬೇಕು?

ರವೆಇಡ್ಲಿ

ಪಕ್ಕದ ಬೆಂಚ್ ಇರುತ್ತಲ್ಲ.

ಬ್ಯಾಕ್‌ಲಾಗ್_ಭೀಮ

ಎರಡೂ ತಪ್ಪು. ನನಗೆ 1.2 ಆಂಪಿಯರ್ ಬಂತು. ಥೆವೆನಿನ್ ವೋಲ್ಟೇಜ್ 12, ರೆಸಿಸ್ಟೆನ್ಸ್ 8, ಒಟ್ಟು 10 ಓಂ. 12/10 = 1.2. ಈ ನೋಟ್ಸ್ ಬರೆಯೋರು ಉತ್ತರ ತಪ್ಪು ಕೊಡೋದು ಹೊಸದೇನಲ್ಲ. ನಾನು ಈ ಸಬ್ಜೆಕ್ಟ್ ಮೂರನೇ ಸಲ ಬರೀತಿದ್ದೀನಿ, ನನ್ನ ಮಾತು ನಂಬು.

ರವೆಇಡ್ಲಿ

ಮೂರನೇ ಸಲ ಬರೀತಿರೋರ ಮಾತು ನಂಬಬೇಕಾ ಮಗಾ?

ಡಿಪ್ಲೊಮಾ_ಪ್ರತಾಪ

ಹೇಮಾವತಿ, ನಿನ್ನ 20 ವೋಲ್ಟ್ ಸರಿ. ತಪ್ಪಿರೋದು ಒಂದೇ ಕಡೆ. ವೋಲ್ಟೇಜ್ ಸೋರ್ಸ್ ಶಾರ್ಟ್, ಕರೆಂಟ್ ಸೋರ್ಸ್ ಓಪನ್. ನೀನು ಎರಡನ್ನೂ ಶಾರ್ಟ್ ಮಾಡಿದ್ದೀಯ. ಓಪನ್ ಮಾಡಿದರೆ 6 ಮತ್ತು 12 ಪ್ಯಾರಲಲ್, ಅಂದರೆ 4. ಜೊತೆಗೆ ಸೀರೀಸ್‌ನಲ್ಲಿ ಇನ್ನೊಂದು 4. ಒಟ್ಟು 8. ಕರೆಂಟ್ 20/10 = 2. ಮುಗೀತು.

ನಿಜ ಹೇಳಬೇಕೆಂದರೆ ಇಷ್ಟೂ ಬೇಕಿಲ್ಲ. 24 ವೋಲ್ಟ್, 6 ಓಂ ಜೋಡೀನ 4 ಆಂಪಿಯರ್, 6 ಓಂ ಮಾಡಿಕೋ. ಪಕ್ಕದ 1 ಆಂಪಿಯರ್ ಸೇರಿಸು, 5 ಆಂಪಿಯರ್. 6, 12 ಪ್ಯಾರಲಲ್ 4 ಓಂ. 5 × 4 = 20 ವೋಲ್ಟ್. ಹಿಂದೆ 4 + 4. ಮೂರು ಗೆರೆ. ಪಾಲಿಟೆಕ್ನಿಕ್‌ನಲ್ಲಿ ನಾವು ಹೀಗೇ ಮಾಡ್ತಿದ್ದೆವು.

ಹೇಮಾವತಿ_ದಂಡೆ

ಥ್ಯಾಂಕ್ಸ್ ಅಣ್ಣಾ. ಆದರೆ ಕರೆಂಟ್ ಸೋರ್ಸ್ ಮಾತ್ರ ಯಾಕೆ ಓಪನ್? ಎರಡೂ ಸೋರ್ಸೇ ಅಲ್ವಾ?

ಡಿಪ್ಲೊಮಾ_ಪ್ರತಾಪ

ರೂಲ್ ಕಣಮ್ಮ. ಉರು ಹೊಡಿ.

ಸಿಲ್ವರ್‌ಓಕ್

ನನಗೊಂದು ಡೌಟು. ಲೋಡ್ ಕಿತ್ತ ಮೇಲೆ 4 ಓಂನಲ್ಲಿ ಕರೆಂಟೇ ಹರಿಯಲ್ಲ. ಅದಕ್ಕೇ ತಾನೇ A ನೋಡ್‌ನ 20 ವೋಲ್ಟ್ ಅನ್ನೇ a ತುದಿಯ ವೋಲ್ಟೇಜ್ ಅಂತ ತಗೊಂಡಿದ್ದು? ಹಾಗಿದ್ದ ಮೇಲೆ ಆ 4 ಓಂ ಇದ್ದೂ ಇಲ್ಲದ ಹಾಗೆ. ರೆಸಿಸ್ಟೆನ್ಸ್ ಲೆಕ್ಕದಲ್ಲೂ ಬಿಡಬೇಕಲ್ವಾ? 6, 12 ಪ್ಯಾರಲಲ್ 4 ಓಂ ಅಷ್ಟೇ. ಹಾಗೆ ಮಾಡಿದರೂ 20/6 = 3.33 ಬರುತ್ತೆ. ಹೇಮಾವತಿ ಉತ್ತರವೇ!

ಹೇಮಾವತಿ_ದಂಡೆ

ಅಯ್ಯೋ, ಈಗ ಇಬ್ಬರಿಗೆ 3.33 ಬಂತು. ನಾನೇ ಸರಿ ಅನ್ನಿಸ್ತಿದೆ 😅

ಗೊರೂರು_ಮೇಷ್ಟ್ರು

ನಿಧಾನ, ನಿಧಾನ. ಇಬ್ಬರಿಗೆ ಒಂದೇ ಉತ್ತರ ಬಂತು ಅಂದ ಮಾತ್ರಕ್ಕೆ ಅದು ಸರಿ ಅಲ್ಲ. ನೀವಿಬ್ಬರೂ ಬೇರೆ ಬೇರೆ 4 ಓಂ ಉಳಿಸಿಕೊಂಡಿದ್ದೀರಿ. ಹೇಮಾವತಿ ಬಲಗಡೆಯ 4 ಓಂ ಇಟ್ಟುಕೊಂಡು 6, 12 ಕಳೆದುಕೊಂಡಳು. ಸಿಲ್ವರ್‌ಓಕ್ 6, 12 ಸೇರಿ ಆದ 4 ಇಟ್ಟುಕೊಂಡು ಬಲಗಡೆಯದನ್ನು ಕಳೆದುಕೊಂಡರು. ಈ ಲೆಕ್ಕದ ಅಂಕಿ ಹಾಗಿದೆ, ಅದಕ್ಕೇ ಎರಡು ತಪ್ಪು ಒಂದೇ ಜಾಗಕ್ಕೆ ಬಂದು ನಿಂತಿವೆ.

ಉರು ಹೊಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ ಪ್ರತಾಪ. ಯಾಕೆ ಅಂತ ಒಂದು ಸಲ ಅರ್ಥವಾದರೆ ಉರು ಹೊಡೆಯುವ ಕೆಲಸವೇ ಇಲ್ಲ.

ಡಬ್ಬಿಯೊಳಗೆ ಏನಿದೆ ಅಂತ ಮರೆತುಬಿಡಿ. ಹೊರಗೆ a, b ಅಂತ ಎರಡು ತುದಿ ಇದೆ. ಏನೂ ಜೋಡಿಸದೆ ನೋಡಿದರೆ 20 ವೋಲ್ಟ್. ಈಗ ಅಲ್ಲಿಂದ ಸ್ವಲ್ಪ ಕರೆಂಟ್ ಎಳೆಯಿರಿ. ವೋಲ್ಟೇಜ್ ಇಳಿಯುತ್ತದೆ. ಒಂದು ಆಂಪಿಯರ್ ಎಳೆದರೆ ಎಷ್ಟು ವೋಲ್ಟ್ ಇಳಿಯಿತು ಅನ್ನೋದೇ Rth. ಅದು ಇಳಿತದ ಲೆಕ್ಕ. ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ಈ ಇಳಿತದಲ್ಲಿ 24 ವೋಲ್ಟ್ ಸೋರ್ಸ್ ಪಾತ್ರ ಏನು? ನೀವು ಎಷ್ಟೇ ಎಳೆಯಿರಿ, ಅದರ ಎರಡು ತುದಿಯ ನಡುವೆ 24 ಹಾಗೇ ಇರುತ್ತದೆ. ಅಂದರೆ ಅದರಲ್ಲಿ ಆಗುವ ಇಳಿತ ಸೊನ್ನೆ. ಎಷ್ಟು ಕರೆಂಟ್ ಬದಲಾದರೂ ಇಳಿತ ಸೊನ್ನೆ ಅಂದರೆ ಅದು ತಂತಿ. ಅದಕ್ಕೇ ಶಾರ್ಟ್. ಇನ್ನು 1 ಆಂಪಿಯರ್ ಸೋರ್ಸ್. ವೋಲ್ಟೇಜ್ ಏನೇ ಆಗಲಿ, ಅದು 1 ಆಂಪಿಯರ್‌ಗಿಂತ ಒಂದು ಚೂರೂ ಜಾಸ್ತಿ ಕೊಡಲ್ಲ, ಕಡಿಮೆಯೂ ಕೊಡಲ್ಲ. ನೀವು ಹೆಚ್ಚಿಗೆ ಕೇಳಿದ ಕರೆಂಟ್ ಆ ದಾರಿಯಲ್ಲಿ ಬರಲು ಸಾಧ್ಯವೇ ಇಲ್ಲ. ದಾರಿಯೇ ಇಲ್ಲ ಅಂದರೆ ಓಪನ್. ಅಷ್ಟೇ ವಿಷಯ.

ಸಿಲ್ವರ್‌ಓಕ್ ಅವರಿಗೂ ಇದರಲ್ಲೇ ಉತ್ತರ ಇದೆ. ಏನೂ ಎಳೆಯದೆ ಇದ್ದಾಗ 4 ಓಂನಲ್ಲಿ ಇಳಿತ ಇಲ್ಲ, ನಿಜ. ಎಳೆದ ಕ್ಷಣ ಆ ಕರೆಂಟ್ ಪೂರ್ತಿ 4 ಓಂ ದಾಟಿಯೇ ಬರಬೇಕು. ಆಗ ಇಳಿತ ಇದೆ. 20 ವೋಲ್ಟ್ ಕಂಡುಹಿಡಿಯುವಾಗ ಅದನ್ನು ಬಿಡಬಹುದು, 8 ಓಂ ಕಂಡುಹಿಡಿಯುವಾಗ ಬಿಡುವ ಹಾಗಿಲ್ಲ.

ಸಿಲ್ವರ್‌ಓಕ್

ಓಹ್. ಸುಮ್ಮನೆ ನಿಂತ ಬಸ್ಸಿಗೆ ಘಾಟಿ ಲೆಕ್ಕ ಇಲ್ಲ, ಹೊರಟ ಮೇಲೆ ಇದೆ. ಗೊತ್ತಾಯ್ತು ಸರ್.

ಅಕ್ಕ_ಬೆಂಗಳೂರಲ್ಲಿ

ನಾನು ಅರಸೀಕೆರೆಯವಳು, ಈಗ ಬೆಂಗಳೂರಿನಲ್ಲಿ ಪವರ್ ಸಪ್ಲೈ ಟೆಸ್ಟಿಂಗ್ ಕೆಲಸ. ಹೇಮಾವತಿ, ನೀನು ಕೇಳಿದ್ದು ಉತ್ತರ ಇಲ್ಲದಾಗ ತಪ್ಪು ಹೇಗೆ ಹಿಡಿಯೋದು ಅಂತ. ಅದಕ್ಕೆ ಯಾರೂ ಉತ್ತರ ಕೊಡಲೇ ಇಲ್ಲ ನೋಡು.

ನಾನಾಗಿದ್ದರೆ ಉತ್ತರ ಹಿಡಿದುಕೊಂಡು ಮೂಲ ಸರ್ಕ್ಯೂಟ್‌ಗೆ ವಾಪಸ್ ಹೋಗ್ತೀನಿ. ನಿನ್ನ 3.33 ನಿಜವೇ ಅಂದುಕೊಳ್ಳೋಣ. ಅದು 4 ಓಂ ಮತ್ತು 2 ಓಂ ದಾಟುತ್ತದೆ. ಹಾಗಾಗಿ A ನೋಡ್ ವೋಲ್ಟೇಜ್ 3.33 × 6 = 20. ಈಗ A ಗೆ ಬರುವ ಕರೆಂಟ್ ಎಷ್ಟು? 24 ವೋಲ್ಟ್ ಕಡೆಯಿಂದ (24 − 20)/6 = 0.67. ಸೋರ್ಸ್‌ನಿಂದ 1. ಒಟ್ಟು 1.67. ಹೊರಗೆ ಹೋಗುವುದು? 12 ಓಂನಲ್ಲಿ 20/12 = 1.67, ಲೋಡ್ ಕಡೆ 3.33. ಒಟ್ಟು 5. ಬಂದಿದ್ದು 1.67, ಹೋಗಿದ್ದು 5. ಗಲ್ಲಾಪೆಟ್ಟಿಗೆ ಲೆಕ್ಕ ಕೂಡ್ತಾ ಇಲ್ಲ.

ಈಗ 2 ಆಂಪಿಯರ್ ಇಟ್ಟು ನೋಡು. A ವೋಲ್ಟೇಜ್ 2 × 6 = 12. ಒಳಗೆ (24 − 12)/6 = 2, ಜೊತೆಗೆ 1, ಒಟ್ಟು 3. ಹೊರಗೆ 12/12 = 1, ಜೊತೆಗೆ 2, ಒಟ್ಟು 3. ಕೂಡಿತು. ಬರೆಯೋಕೆ ಒಂದು ನಿಮಿಷ ಸಾಕು.

ಇದಕ್ಕಿಂತ ಬೇಗ ಆಗುವುದು ಇನ್ನೊಂದಿದೆ. ಲೋಡ್ ಜಾಗದಲ್ಲಿ ತಂತಿ ಇಟ್ಟರೆ ಎಷ್ಟು ಹರಿಯುತ್ತೆ ಅಂತ ಮೂಲ ಸರ್ಕ್ಯೂಟ್‌ನಲ್ಲೇ ನೋಡು. A ನೋಡ್‌ನಲ್ಲಿ (24 − V)/6 + 1 = V/12 + V/4. V = 10 ವೋಲ್ಟ್. 4 ಓಂನಲ್ಲಿ 10/4 = 2.5 ಆಂಪಿಯರ್. ರೆಸಿಸ್ಟರ್ ಲೋಡ್‌ಗೆ ಈ ಡಬ್ಬಿ ಕೊಡಬಹುದಾದ ಗರಿಷ್ಠ ಅದೇ. ಬರೀ ತಂತಿ ಇಟ್ಟಾಗಲೇ 2.5 ಅಂದಮೇಲೆ 2 ಓಂ ಇಟ್ಟಾಗ 3.33 ಹೇಗೆ ಬರುತ್ತೆ ಹೇಳು? ಇಲ್ಲೇ ಸಿಕ್ಕಿಬೀಳುತ್ತೆ. ಜೊತೆಗೆ 20/2.5 = 8 ಓಂ. Rth ಕೂಡ ಇನ್ನೊಂದು ದಾರಿಯಲ್ಲಿ ಸಿಕ್ಕಿತು.

ಹೇಮಾವತಿ_ದಂಡೆ

ಅಕ್ಕಾ!! ಆ ಕೊನೆಯದು ಸೂಪರ್. ಲ್ಯಾಬ್‌ನಲ್ಲೂ, ಕ್ಲಾಸ್‌ನಲ್ಲೂ ಯಾರೂ ಹೀಗೆ ಹೇಳಿರಲಿಲ್ಲ.

ಡಿಪ್ಲೊಮಾ_ಪ್ರತಾಪ

ಒಂದು ಎಚ್ಚರಿಕೆ. ಕೆಲವರು ಶಾರ್ಟ್ ಕರೆಂಟ್ ಅನ್ನು 20/8 = 2.5 ಅಂತ ಮಾಡಿ, ಆಮೇಲೆ 20/2.5 = 8, ನೋಡಿ ಸರಿ ಬಂತು ಅಂತ ಬರೀತಾರೆ. ಅದು ಪರೀಕ್ಷಿಸಿದ ಹಾಗಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ. ನಾನೇ ಒಂದು ಸಲ ಹೀಗೆ ಬರೆದು ಬೈಸಿಕೊಂಡಿದ್ದೆ.

ಅಕ್ಕ_ಬೆಂಗಳೂರಲ್ಲಿ

ಹೌದು, ಅದಕ್ಕೇ ಮೂಲ ಸರ್ಕ್ಯೂಟ್‌ನಲ್ಲೇ ಅಂತ ಹೇಳಿದ್ದು.

ಬ್ಯಾಕ್‌ಲಾಗ್_ಭೀಮ

ಎಲ್ಲಾ ಸರಿ, ನನ್ನ 1.2 ಕೂಡ ಅಕ್ಕ ಹೇಳಿದ ಹಾಗೆ ಪರೀಕ್ಷೆ ಮಾಡಿದೆ. A ವೋಲ್ಟೇಜ್ 1.2 × 6 = 7.2. ಎಡದಿಂದ (24 − 7.2)/6 = 2.8. ಅದರಲ್ಲಿ 1 ಆಂಪಿಯರ್ ಸೋರ್ಸ್ ತಗೊಂಡು ಹೋಗುತ್ತೆ, ಉಳಿದಿದ್ದು 1.8. 12 ಓಂನಲ್ಲಿ 0.6, ಲೋಡ್‌ನಲ್ಲಿ 1.2. ಒಟ್ಟು 1.8. ಪೈಸೆ ಪೈಸೆ ಕೂಡಿತು. ಈಗ ಏನಂತೀರಾ?

ರವೆಇಡ್ಲಿ

ಒಂದು ಲೆಕ್ಕ, ಎರಡು ಸರಿ ಉತ್ತರ. ಮಾರ್ಕ್ಸ್ ಡಬಲ್ ಕೊಡಿ.

ಗೊರೂರು_ಮೇಷ್ಟ್ರು

ಭೀಮಾ, ಬಾಣ ನೋಡಪ್ಪ. ಚಿತ್ರದಲ್ಲಿ ಅದು ಮೇಲ್ಮುಖ. ಸೋರ್ಸ್ 1 ಆಂಪಿಯರ್ ಅನ್ನು A ಗೆ ತಂದು ಸುರಿಯುತ್ತಿದೆ, ತೆಗೆದುಕೊಂಡು ಹೋಗುತ್ತಿಲ್ಲ. 24 ವೋಲ್ಟ್ ಒಂದೇ ಇದ್ದರೆ A ನಲ್ಲಿ 16. 1 ಆಂಪಿಯರ್ ಒಂದೇ ಇದ್ದರೆ 4. ಬಾಣ ಮೇಲಿದ್ದರೆ ಕೂಡಿ 20, ಕೆಳಗಿದ್ದರೆ ಕಳೆದು 12. ನೀನು ಕಳೆದೆ.

ಆದರೆ ನೀನು ಎತ್ತಿದ ವಿಷಯ ಒಳ್ಳೆಯದು. ಬಾಣ ತಪ್ಪಾಗಿ ಓದಿಕೊಂಡು ಲೆಕ್ಕ ಸರಿಯಾಗಿ ಮಾಡಿದರೆ, ಪರೀಕ್ಷಿಸುವಾಗಲೂ ಅದೇ ತಪ್ಪು ಬಾಣ ಇಟ್ಟುಕೊಂಡೇ ಪರೀಕ್ಷಿಸುತ್ತೀಯ. ಎಲ್ಲ ಕೂಡುತ್ತದೆ. ನೋಡ್ ಲೆಕ್ಕ ನಿನ್ನ ಗಣಿತ ನೋಡುತ್ತದೆಯೇ ಹೊರತು ಪ್ರಶ್ನೆಪತ್ರಿಕೆ ನೋಡಲ್ಲ. ನಾನು ಪೇಪರ್ ತಿದ್ದುತ್ತಿದ್ದ ಕಾಲದಲ್ಲಿ ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಉಪಾಯ: ಚಿತ್ರವನ್ನು ಉತ್ತರಪತ್ರಿಕೆಗೆ ಇಳಿಸಿದ ಮೇಲೆ, ಲೆಕ್ಕ ಶುರು ಮಾಡುವ ಮೊದಲು, ಬಾಣ ಮತ್ತು ಪ್ಲಸ್ ಮೈನಸ್ ಮೇಲೆ ಬೆರಳಿಟ್ಟು ಪ್ರಶ್ನೆಯ ಜೊತೆ ಹೋಲಿಸು.

ಬ್ಯಾಕ್‌ಲಾಗ್_ಭೀಮ

ಫೋನ್‌ನಲ್ಲಿ ಆ ^ ಗುರುತು ಕಾಣಲೇ ಇಲ್ಲ ಸರ್. ಸರಿ, ಸೋತೆ.

ಆದರೂ ಥೆವೆನಿನ್ ಮೇಲೆ ನನಗೆ ನಂಬಿಕೆ ಇಲ್ಲ. ಪವರ್ ಲೆಕ್ಕ ಹಾಕಿ ನೋಡಿದೆ. 20 ವೋಲ್ಟ್, 2 ಆಂಪಿಯರ್, 40 ವಾಟ್. ಮೂಲ ಸರ್ಕ್ಯೂಟ್‌ನಲ್ಲಿ 24 ವೋಲ್ಟ್ ಸೋರ್ಸ್ 2 ಆಂಪಿಯರ್ ಕೊಡುತ್ತೆ, ಅದೊಂದೇ 48 ವಾಟ್. 1 ಆಂಪಿಯರ್ ಸೋರ್ಸ್ 12 ವೋಲ್ಟ್ ಮೇಲೆ ಕೂತಿದೆ, ಇನ್ನು 12 ವಾಟ್. ಒಟ್ಟು 60. ಒಂದು ಕಡೆ 60, ಇನ್ನೊಂದು ಕಡೆ 40. ಇದನ್ನ ಸಮ ಸಮ ಅಂತ ಹೇಗೆ ಕರೀತೀರಾ?

ಡಿಪ್ಲೊಮಾ_ಪ್ರತಾಪ

ಎಲ್ಲೋ ತಪ್ಪು ಮಾಡಿರ್ತೀಯ. ಪವರ್ ಯಾವಾಗಲೂ ಕೂಡಲೇಬೇಕು.

ಅಕ್ಕ_ಬೆಂಗಳೂರಲ್ಲಿ

ಇಲ್ಲ ಪ್ರತಾಪ, ಈ ಸಲ ಭೀಮನ ಲೆಕ್ಕ ಸರಿ ಇದೆ. ಮೂಲದಲ್ಲಿ 60 ವಾಟ್, ಥೆವೆನಿನ್ ಡಬ್ಬಿಯಲ್ಲಿ 40. ಎರಡೂ ತಮ್ಮ ತಮ್ಮ ಒಳಗೆ ಕೂಡುತ್ತವೆ. ಮೂಲದಲ್ಲಿ 6 ಓಂ 24 ವಾಟ್, 12 ಓಂ 12 ವಾಟ್, 4 ಓಂ 16 ವಾಟ್, ಲೋಡ್ 8 ವಾಟ್, ಒಟ್ಟು 60. ಡಬ್ಬಿಯಲ್ಲಿ 8 ಓಂ 32 ವಾಟ್, ಲೋಡ್ 8 ವಾಟ್, ಒಟ್ಟು 40. ಎರಡರಲ್ಲೂ ಒಂದೇ ಆಗಿರುವುದು ಲೋಡ್‌ನ 8 ವಾಟ್ ಮಾತ್ರ.

ಥೆವೆನಿನ್ ಕೊಡುವ ಮಾತು a, b ತುದಿಯ ಹೊರಗಡೆಗೆ ಅಷ್ಟೇ. ಒಳಗೆ ಎಷ್ಟು ಬಿಸಿಯಾಗುತ್ತೆ ಅಂತ ಅದು ಹೇಳಲ್ಲ. ಲೋಡ್ ಕಿತ್ತು ನೋಡು. ಡಬ್ಬಿಯಲ್ಲಿ ಕರೆಂಟೇ ಇಲ್ಲ, ಸೊನ್ನೆ ವಾಟ್. ಮೂಲದಲ್ಲಿ ಆಗಲೂ 36 ವಾಟ್ ಸುಮ್ನೆ ಉರಿಯುತ್ತಿರುತ್ತೆ, ಅದರಲ್ಲಿ ಹೆಚ್ಚಿನದು 12 ಓಂನಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇದನ್ನು ಮರೆತು ಒಂದು ರೆಸಿಸ್ಟರ್ ಸುಟ್ಟಿದ್ದೀನಿ. ಲೋಡ್ ಇಲ್ಲ ಅಂದ್ರೆ ತಣ್ಣಗಿರುತ್ತೆ ಅಂದುಕೊಂಡು ಬೆರಳಿಟ್ಟೆ. ಬೆರಳಿಗೂ ನೆನಪಿದೆ.

ಬ್ಯಾಕ್‌ಲಾಗ್_ಭೀಮ

ಬರ್ಕೊಳ್ರಪ್ಪಾ, ಭೀಮನ ಲೆಕ್ಕ ಸರಿ ಇದೆಯಂತೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಡಿಪ್ಲೊಮಾ_ಪ್ರತಾಪ

ಒಪ್ಪಿದೆ. ಆದರೆ ಇಷ್ಟೆಲ್ಲಾ ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಬರಲ್ಲ. ಸ್ಟೆಪ್‌ಗೆ ಮಾರ್ಕ್ಸ್, ಪರೀಕ್ಷಿಸಿದ್ದಕ್ಕೆ ಇಲ್ಲ. ಸಮಯ ಹಾಳು.

ಗೊರೂರು_ಮೇಷ್ಟ್ರು

ಹೆಚ್ಚಿಗೆ ಮಾರ್ಕ್ಸ್ ಇಲ್ಲದಿರಬಹುದು. ತಪ್ಪು ಉತ್ತರಕ್ಕೆ ಕಳೆದುಹೋಗುವ ಮಾರ್ಕ್ಸ್ ಉಳಿಯುತ್ತಲ್ಲ? ರಫ್ ಜಾಗದಲ್ಲಿ ಬರೆಯಲಿ. ಇನ್ನು ನಿನ್ನ ಮೂರು ಗೆರೆ ವಿದ್ಯೆ ನನಗೂ ಇಷ್ಟ, ಆದರೆ ಥೆವೆನಿನ್ ಬಳಸಿ ಅಂತ ಕೇಳಿದಾಗ ಲೋಡ್ ತೆಗೆದ ಚಿತ್ರ, ಸೋರ್ಸ್ ಆಫ್ ಮಾಡಿದ ಚಿತ್ರ, ಕೊನೆಯ ಡಬ್ಬಿ ಚಿತ್ರ, ಮೂರೂ ಕಾಣಬೇಕು ಅಂತ ತಿದ್ದುವವರು ಬಯಸುತ್ತಾರೆ.

ಡಿಪ್ಲೊಮಾ_ಪ್ರತಾಪ

ತಿದ್ದುವವರ ಮೇಲೆ ಹೋಗುತ್ತೆ ಸರ್. ನನಗೆ ಪೂರ್ತಿ ಮಾರ್ಕ್ಸ್ ಬಂದಿದೆ.

ರವೆಇಡ್ಲಿ

ವಿಷಯ ಬೇರೆ. ಇದನ್ನು ಥೆವೆನಿನ್ ಅನ್ನಬೇಕೋ ತೆವೆನಾ ಅನ್ನಬೇಕೋ? ನಮ್ಮ ಲೆಕ್ಚರರ್ ದಿನಕ್ಕೊಂದು ತರ ಹೇಳ್ತಾರೆ.

ಗೊರೂರು_ಮೇಷ್ಟ್ರು

ಆತ ಫ್ರಾನ್ಸಿನವ, ಟೆಲಿಗ್ರಾಫ್ ಇಂಜಿನಿಯರ್. ಅಲ್ಲಿಯವರ ಬಾಯಲ್ಲಿ ಕೊನೆಯ ನಕಾರ ಮೂಗಿನಲ್ಲೇ ಉಳಿದುಬಿಡುತ್ತದೆ. ನೀನು ಹಾಸನದಲ್ಲಿ ಥೆವೆನಿನ್ ಅನ್ನು, ಯಾರೂ ಜಗಳಕ್ಕೆ ಬರಲ್ಲ. ಅವನು ಪ್ರಕಟಿಸಿದ್ದು 1883ರಲ್ಲಿ. ಅದಕ್ಕೂ 30 ವರ್ಷ ಮೊದಲೇ, 1853ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದೇ ಮಾತು ಬರೆದಿದ್ದ. ಹೆಸರು ಮಾತ್ರ ಇವನಿಗೆ ಹೋಯಿತು.

ರವೆಇಡ್ಲಿ

ಗ್ರೂಪ್ ಪ್ರಾಜೆಕ್ಟ್ ತರಹ.

ತೋಟದಮನೆ_ಆಲ್ದೂರು

ನಮಸ್ಕಾರ. ನಾನು ಸ್ಟೂಡೆಂಟ್ ಅಲ್ಲ, ಕಾಫಿ ಬೆಳೆಗಾರ. ವೋಲ್ಟೇಜ್ ಇಳಿತ ಅಂತ ಮೇಷ್ಟ್ರು ಬರೆದಿದ್ದು ನೋಡಿ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಗೀಸರ್ ಹಾಕಿದರೆ ಲೈಟ್ ಮಂಕಾಗುತ್ತೆ. ಟ್ರಾನ್ಸ್‌ಫಾರ್ಮರ್ ಮನೆಯಿಂದ ದೂರ, ಹಾಗಾಗಿ ಲೈನ್ ಸಮಸ್ಯೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಹತ್ತಿರ ಮಲ್ಟಿಮೀಟರ್ ಇದೆ. ನೀವು ಹೇಳಿದ ಶಾರ್ಟ್ ಕರೆಂಟ್ ಅಳೆದು ನೋಡಬಹುದಾ?

ಅಕ್ಕ_ಬೆಂಗಳೂರಲ್ಲಿ

ಬೇಡ ಬೇಡ ಬೇಡ! ಅಣ್ಣಾ, ಅದು ಕಾಗದದ ಮೇಲೆ ಮಾತ್ರ. ಮನೆಯ ಪ್ಲಗ್‌ನಲ್ಲಿ ಮೀಟರನ್ನ ಆಂಪಿಯರ್‌ಗೆ ಇಟ್ಟು ಚುಚ್ಚಿದರೆ ಮೀಟರ್ ಕೈಯಲ್ಲೇ ಸಿಡಿಯುತ್ತೆ. ದಯವಿಟ್ಟು ಮಾಡಬೇಡಿ.

ಗೊರೂರು_ಮೇಷ್ಟ್ರು

ಅವರು ಹೇಳಿದ್ದು ಸರಿ. ಶಾರ್ಟ್ ಮಾಡಲಾಗದ ಕಡೆ ಗೊತ್ತಿರುವ ಲೋಡ್ ಇಟ್ಟು ಅಳೆಯುತ್ತಾರೆ. ನಿಮ್ಮ ಗೀಸರೇ ಆ ಲೋಡ್. ಅದರ ಮೇಲೆ ಎಷ್ಟು ವಾಟ್ ಅಂತ ಬರೆದಿದೆ? ಮೀಟರ್ ಎಸಿ ವೋಲ್ಟ್‌ಗೇ ಇಟ್ಟು, ಗೀಸರ್ ಪಕ್ಕದ ಪ್ಲಗ್‌ನಲ್ಲಿ ಗೀಸರ್ ಆಫ್ ಇದ್ದಾಗ ಒಮ್ಮೆ, ಆನ್ ಇದ್ದಾಗ ಒಮ್ಮೆ ನೋಡಿ. ಪಂಪ್‌ಸೆಟ್ ಇಟ್ಟು ನೋಡಬೇಡಿ, ಮೋಟಾರ್ ಸಾದಾ ರೆಸಿಸ್ಟರ್ ತರಹ ನಡೆದುಕೊಳ್ಳಲ್ಲ.

ತೋಟದಮನೆ_ಆಲ್ದೂರು

230 ವೋಲ್ಟ್‌ಗೆ 2000 ವಾಟ್ ಅಂತ ಇದೆ. ಈಗ ಬೆಳಿಗ್ಗೆ ನೋಡಿದೆ: ಆಫ್ ಇದ್ದಾಗ 228, ಆನ್ ಮಾಡಿದಾಗ 212.

ಹೇಮಾವತಿ_ದಂಡೆ

ಸರ್, ನಾನು ಮಾಡ್ಲಾ? ಗೀಸರ್ ರೆಸಿಸ್ಟೆನ್ಸ್ 230 × 230/2000, ಅಂದರೆ ಸುಮಾರು 26.5 ಓಂ. 212 ವೋಲ್ಟ್ ಇದ್ದಾಗ ಕರೆಂಟ್ 212/26.5 = 8 ಆಂಪಿಯರ್. ಇಳಿತ 228 − 212 = 16 ವೋಲ್ಟ್. Rth = 16/8 = 2 ಓಂ. Vth 228.

ಗೊರೂರು_ಮೇಷ್ಟ್ರು

ಭೇಷ್. ನೋಡು, ಸೋರ್ಸ್ ಆಫ್ ಮಾಡದೆ, ಒಳಗೆ ಏನಿದೆ ಅಂತಲೇ ಗೊತ್ತಿಲ್ಲದೆ ಕಂಡುಹಿಡಿದೆ.

ಡಿಪ್ಲೊಮಾ_ಪ್ರತಾಪ

ಎಸಿಯಲ್ಲಿ ರೆಸಿಸ್ಟೆನ್ಸ್ ಅಲ್ಲ, ಇಂಪಿಡೆನ್ಸ್ ಅನ್ನಬೇಕು.

ಗೊರೂರು_ಮೇಷ್ಟ್ರು

ಒಪ್ಪಿದೆ. ಸಣ್ಣ ತಂತಿಯ ಲೈನ್‌ನಲ್ಲಿ, ಗೀಸರ್‌ನಂಥ ಲೋಡ್ ಇದ್ದಾಗ ಈ ಅಂದಾಜು ಸಾಕು. ಆದರೆ ಒಂದು ಅಳತೆ ನಂಬಬೇಡಿ. ಅದೇ ಕ್ಷಣಕ್ಕೆ ಪಕ್ಕದ ಮನೆಯವರು ಮೋಟಾರ್ ಹಾಕಿದರೆ ಆ ಇಳಿತವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಸಂಜೆ ಇನ್ನೊಮ್ಮೆ ನೋಡಿ.

ತೋಟದಮನೆ_ಆಲ್ದೂರು

ಸಂಜೆ: ಆಫ್ 214, ಆನ್ 199. ಇಲ್ಲಿ ಮಳೆ ಹಿಡಿದಿದೆ, ಮಧ್ಯೆ ಎರಡು ಸಲ ಕರೆಂಟ್ ಹೋಗಿ ಬಂತು.

ಹೇಮಾವತಿ_ದಂಡೆ

199/26.5 ಅಂದ್ರೆ 7.5 ಆಂಪಿಯರ್. 15/7.5 = 2 ಓಂ! ವೋಲ್ಟೇಜ್ ಬೇರೆ ಆದರೂ ಓಂ ಅದೇ ಬಂತು.

ಸಿಲ್ವರ್‌ಓಕ್

ಹಾಗಾದರೆ 2 ಓಂ ಲೈನ್‌ನದು ಅಂತ ಗಟ್ಟಿ ಆಯ್ತಲ್ಲ. ಲೈನ್ ದಪ್ಪ ಮಾಡಿಸಿ ಅಂತ ಅರ್ಜಿ ಕೊಡಿ.

ಅಕ್ಕ_ಬೆಂಗಳೂರಲ್ಲಿ

ಅದು ಗಟ್ಟಿ ಆಗಿಲ್ಲ. ಭೀಮನಿಗೆ ಹೇಳಿದ್ದೇ ಇಲ್ಲೂ. 2 ಓಂ ಅನ್ನೋದು ಆ ಪ್ಲಗ್‌ನಿಂದ ಹಿಂದಕ್ಕೆ ಇರುವ ಎಲ್ಲದರ ಮೊತ್ತ. ಅದು ಕಂಬದ ತಂತಿಯಲ್ಲಿದೆಯೋ, ಮೀಟರ್‌ನಲ್ಲೋ, ಗೋಡೆಯೊಳಗಿನ ವೈರಿಂಗ್‌ನಲ್ಲೋ ಅಂತ ಪ್ಲಗ್‌ನಲ್ಲಿ ನಿಂತು ಹೇಳೋಕೆ ಆಗಲ್ಲ. 8 ಆಂಪಿಯರ್‌ಗೆ ಆ 2 ಓಂನಲ್ಲಿ 128 ವಾಟ್ ಬಿಸಿ. ದೂರದ ಲೈನ್ ಉದ್ದಕ್ಕೂ ಹರಡಿದ್ದರೆ ಅದು ಯಾರ ಗಮನಕ್ಕೂ ಬರಲ್ಲ. ಒಂದೇ ಸಡಿಲ ಜಾಯಿಂಟ್‌ನಲ್ಲಿ ಇದ್ದರೆ ಕಥೆ ಬೇರೆ. ಅಣ್ಣಾ, ನೀವೇ ಬೋರ್ಡ್ ಬಿಚ್ಚಬೇಡಿ. ಎಲೆಕ್ಟ್ರಿಷಿಯನ್ ಕರೆಸಿ, ಮೀಟರ್ ಬೋರ್ಡ್ ಹತ್ತಿರ ಇದೇ ಆಫ್ ಆನ್ ಅಳತೆ ಮಾಡಿಸಿ.

ಬ್ಯಾಕ್‌ಲಾಗ್_ಭೀಮ

ಒಂದು ಕೊನೆಯ ಪ್ರಶ್ನೆ. ನಮ್ಮ ಹಳೇ ಪೇಪರ್‌ನಲ್ಲಿ ವಜ್ರದ ಆಕಾರದ ಸೋರ್ಸ್ ಒಂದಿತ್ತು, ಪಕ್ಕದಲ್ಲಿ 3i ಅಂತ ಬರೆದಿತ್ತು. ಅದನ್ನ ಶಾರ್ಟ್ ಮಾಡೋದಾ, ಓಪನ್ ಮಾಡೋದಾ?

ಗೊರೂರು_ಮೇಷ್ಟ್ರು

ಎರಡೂ ಅಲ್ಲ. ಅದನ್ನು ಮುಟ್ಟಬಾರದು. ಬೇರೆಡೆಯ ಕರೆಂಟ್ ನೋಡಿಕೊಂಡು ಅದು ಬದಲಾಗುತ್ತದೆ, ಹಾಗಾಗಿ ಇಳಿತದಲ್ಲಿ ಅದಕ್ಕೂ ಪಾಲಿದೆ. ಅಲ್ಲಿ 20/2.5 ಅಂತ ಮಾಡಿದ ದಾರಿಯೇ ಸರಿ. ಅದೂ ಸೊನ್ನೆ ಬೈ ಸೊನ್ನೆ ಆಗಿ ಕೈಕೊಡುವ ಸಂದರ್ಭ ಇದೆ. ಅದಕ್ಕೆ ಬೇರೆ ಥ್ರೆಡ್ ಶುರು ಮಾಡು, ಇಲ್ಲಿ ಫಸ್ಟ್ ಇಯರ್‌ನವರನ್ನು ಹೆದರಿಸುವುದು ಬೇಡ.

ಹೇಮಾವತಿ_ದಂಡೆ

ಇಂಟರ್ನಲ್ಸ್ ಮುಗಿಸಿ ಬಂದೆ. ಎರಡು ವೋಲ್ಟೇಜ್ ಸೋರ್ಸ್ ಇರುವ ಲೆಕ್ಕ ಬಂದಿತ್ತು. ಮೊದಲು 1.8 ಬಂತು, ನೋಡ್‌ಗೆ ಹಾಕಿದರೆ ಕೂಡಲಿಲ್ಲ. ಎರಡನೇ ಸೋರ್ಸ್ ಪ್ಲಸ್ ಮೈನಸ್ ಸರಿಯಾಗಿಯೇ ಇಳಿಸಿದ್ದೆ, ಸಮೀಕರಣದಲ್ಲಿ ಮಾತ್ರ ಉಲ್ಟಾ ಬರೆದಿದ್ದೆ. ತಿದ್ದಿದೆ. ಸರಿ ಆಗಿದೆಯೋ ಇಲ್ಲವೋ ಪೇಪರ್ ಕೊಟ್ಟ ಮೇಲೆ ಗೊತ್ತಾಗಬೇಕು. ಪಕ್ಕದ ಬೆಂಚ್‌ನವಳಿಗೆ ಬೇರೆಯೇ ಉತ್ತರ ಬಂದಿದೆ.

ರವೆಇಡ್ಲಿ

ಪಕ್ಕದ ಬೆಂಚ್ ನಾನೇ ಸೂಚಿಸಿದ್ದು, ಕ್ಷಮಿಸಿ.

ತೋಟದಮನೆ_ಆಲ್ದೂರು

ಮಳೆ ಬಿಟ್ಟ ಮೇಲೆ ಎಲೆಕ್ಟ್ರಿಷಿಯನ್ ಬಂದಿದ್ದರು. ಮೀಟರ್ ಬೋರ್ಡ್ ಹತ್ತಿರ ಗೀಸರ್ ಆಫ್ ಇದ್ದಾಗ 226, ಆನ್ ಆದಾಗ 222. ಬಚ್ಚಲುಮನೆ ಪ್ಲಗ್‌ನಲ್ಲಿ ಅದೇ ಹೊತ್ತಿಗೆ 226, 210.

ಹೇಮಾವತಿ_ದಂಡೆ

ಹೊರಗಿನ ಲೈನ್‌ನಲ್ಲಿ ಬರೀ 4 ವೋಲ್ಟ್. ಮನೆಯೊಳಗೇ 12 ವೋಲ್ಟ್ ಹೋಗ್ತಿದೆ, ಅಂದರೆ ಒಂದೂವರೆ ಓಂ ಒಳಗಿದೆ!

ಗೊರೂರು_ಮೇಷ್ಟ್ರು

ಸುಮಾರು 95 ವಾಟ್ ನಿಮ್ಮ ಗೋಡೆಯೊಳಗೆ ಎಲ್ಲೋ ಉರಿಯುತ್ತಿದೆ ಸ್ವಾಮಿ. ಆ ಜಾಗ ಸಿಗುವ ತನಕ ಗೀಸರ್ ಹಾಕಬೇಡಿ. ಹಂಡೆ ಒಲೆ ಇದ್ದೇ ಇರುತ್ತಲ್ಲ.

ತೋಟದಮನೆ_ಆಲ್ದೂರು

ಸಿಕ್ಕಿತು ಸರ್. ಬಚ್ಚಲುಮನೆ ಗೋಡೆಯ ಜಂಕ್ಷನ್ ಬಾಕ್ಸ್. ಬಿಚ್ಚಿದರೆ ಟೇಪ್ ಕರಗಿ ಕಪ್ಪಾಗಿದೆ.